ಗುತ್ತಿಗೆ ಮುಗಿಯಲು ಹನ್ನೆರಡು ದಿನ

ಬೆನ್ನ ಹಿಂದೆ ಆಸ್ಪತ್ರೆಯವರೆಲ್ಲ ಆಕೆಯನ್ನು ಷರತ್ತಮ್ಮ ಎನ್ನುತ್ತಿದ್ದರು. ಅದು ಆಕೆಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಇಪ್ಪತ್ತಾರು ವರ್ಷ ಆಡಿಟ್ ವಿಭಾಗದಲ್ಲಿ ದುಡಿದವಳು. ಮನೆಗೆ ಹೊಸ ಮಿಕ್ಸಿ ತಂದರೂ ವಾರಂಟಿ ಕಾಗದವನ್ನು ಕೊನೆಯ ಸಾಲಿನವರೆಗೆ ಓದದೆ ಗುಂಡಿ ಒತ್ತಲು ಬಿಡುತ್ತಿರಲಿಲ್ಲ. ಗಂಡ ಹಣೆ ಚಚ್ಚಿಕೊಳ್ಳುತ್ತಿದ್ದ.

ಈ ಸಲ ಮೇಜಿಗೆ ಬಂದದ್ದು ರಕ್ತದ ಸ್ಯಾಂಪಲ್ ಸಾಗಿಸುವ ಹೊರಗುತ್ತಿಗೆ. ವಾರ್ಡಿನಲ್ಲಿ ಡಬ್ಬಿ ಕೈಗೆ ಕೊಟ್ಟ ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು ಎಂದು ಕಂಪನಿಯೇ ಬರೆದುಕೊಟ್ಟಿತ್ತು. ತಿಂಗಳ ವರದಿ ನೋಡಿದರೆ ನೂರಕ್ಕೆ ತೊಂಬತ್ತೊಂಬತ್ತು ಡಬ್ಬಿಗಳು ಹೊತ್ತಿಗೆ ಸರಿಯಾಗಿ ಸೇರಿದ್ದವು. ಮಕ್ಕಳ ವಾರ್ಡಿನ ನರ್ಸ್ ಹೇಳಿದ್ದೇ ಬೇರೆ.

“ಸ್ಯಾಂಪಲ್ ಕೆಟ್ಟಿದೆ, ಮತ್ತೆ ಕಳ್ಸಿ ಅಂತಾರೆ ಲ್ಯಾಬಿನವ್ರು, ಮೇಡಂ. ನಾಲ್ಕು ವರ್ಷದ ಮಗುಗೆ ಮೂರು ಸಲ ಸೂಜಿ ಚುಚ್ಚಿದೀನಿ. ಈಗ ನನ್ನ ಮುಖ ಕಂಡ್ರೇನೇ ಅಳುತ್ತೆ.”

ಷರತ್ತಮ್ಮ ವಾರ್ಡಿನ ಪುಸ್ತಕವನ್ನು ವರದಿಯ ಪಕ್ಕದಲ್ಲಿಟ್ಟಳು. ವಾರ್ಡಿನವರು ಡಬ್ಬಿ ಕೊಟ್ಟದ್ದು ಒಂಬತ್ತೂ ಹತ್ತಕ್ಕೆ. ಕಂಪನಿಯ ಲೆಕ್ಕ ಶುರುವಾದದ್ದು ಹನ್ನೊಂದೂ ಇಪ್ಪತ್ತೈದಕ್ಕೆ, ಅವರ ಗೋದಾಮಿನಲ್ಲಿ ಸ್ಕ್ಯಾನ್ ಆದ ಮೇಲೆ. ಕೇಳಿದರೆ ಕಂಪನಿಯವರು, ನರ್ಸುಗಳು ಹೊತ್ತು ತಪ್ಪು ಬರೆಯುತ್ತಾರೆ ಎಂದರು. ಆಕೆಯ ಮೈ ಉರಿಯಿತು.

ಅಷ್ಟರಲ್ಲಿ ಖರೀದಿ ಅಧಿಕಾರಿ ಹೊಸ ಗುತ್ತಿಗೆಯ ಕರಡು ಹಿಡಿದು ಬಂದ. ಅದರಲ್ಲಿ ಆಸ್ಪತ್ರೆಯವರು ಹೋಗಿ ತಪಾಸಣೆ ಮಾಡುವ ಹಕ್ಕೇ ಮಾಯ. ಕಂಪನಿ ತನಗೆ ತಾನೇ ಕೊಟ್ಟುಕೊಳ್ಳುವ ಪ್ರಮಾಣಪತ್ರ ಸಾಕಂತೆ!

“ಹಳೇದು ಹನ್ನೆರಡು ದಿನದಲ್ಲಿ ಮುಗಿಯುತ್ತೆ, ನೀವೂ ಈ ತಿಂಗಳು ರಿಟೈರ್. ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀರಾ? ಒಂದು ಸಹಿ ಹಾಕ್ಬಿಡಿ.”

“ಹಾಕ್ತೀನಿ. ಆದ್ರೆ ಇದಕ್ಕಲ್ಲ.”

ಹಳೆಯ ಗುತ್ತಿಗೆಯ ಹದಿನಾಲ್ಕನೇ ಷರತ್ತು: ಹತ್ತು ದಿನ ಮುಂಚೆ ಲಿಖಿತ ನೋಟಿಸ್ ಕೊಟ್ಟರೆ ಆಡಿಟ್ ವಿಭಾಗ ಕಂಪನಿಯ ಯಾವುದೇ ಜಾಗಕ್ಕೆ ಹೋಗಿ ಎಲ್ಲ ದಾಖಲೆ ನೋಡಬಹುದು. ಅಂದೇ ಆಕೆಯ ಸಹಿಯ ನೋಟಿಸ್ ಹೋಯಿತು, ತಲುಪಿದ ಮುದ್ರೆಯೂ ಬಂತು.

ಹನ್ನೊಂದನೇ ದಿನ ಬೆಳಿಗ್ಗೆ ಗೋದಾಮು ಮದುವೆ ಮನೆಯಂತೆ ಥಳಥಳ ಎನ್ನುತ್ತಿತ್ತು. ಹತ್ತು ದಿನ ಸಿಕ್ಕರೆ ಯಾರು ತಾನೇ ಗುಡಿಸುವುದಿಲ್ಲ? ಮ್ಯಾನೇಜರ್ ಹಲ್ಲು ಕಿರಿಯುತ್ತಾ ಒಳಗೆ ಕರೆದ. ಷರತ್ತಮ್ಮ ಗೇಟಿನಲ್ಲೇ ನಿಂತು ಕಾವಲುಗಾರನ ಪುಸ್ತಕ ಕೇಳಿದಳು. ಯಾವ ವ್ಯಾನ್ ಎಷ್ಟು ಹೊತ್ತಿಗೆ ಒಳಗೆ ಬಂತು ಎಂದು ಅವನು ಆರು ತಿಂಗಳಿಂದ ಒಂದು ದಿನವೂ ಬಿಡದೆ ಬರೆದಿದ್ದ.

“ಅದು ಗೇಟಿನ ಪುಸ್ತಕ ಮೇಡಂ, ಆಡಿಟ್‌ಗೆ ಬರಲ್ಲ,” ಎಂದು ಮ್ಯಾನೇಜರ್ ಅಡ್ಡ ಬಂದ.

“‘ಎಲ್ಲ ದಾಖಲೆ’ ಅಂತಿದೆ. ಓದಿ ಹೇಳ್ಲಾ?”

ಕಂಪನಿ ಹನ್ನೊಂದೂ ಇಪ್ಪತ್ತೈದು ಎಂದು ತೋರಿಸಿದ್ದ ದಿನ ವ್ಯಾನ್ ಬಂದದ್ದು ಒಂಬತ್ತೂ ಮೂವತ್ತೈದಕ್ಕೆ. ಸುಮಾರು ಎರಡು ಗಂಟೆ ರಕ್ತ ಗೋದಾಮಿನಲ್ಲಿ ಸುಮ್ಮನೆ ಬಿದ್ದಿತ್ತು, ಪ್ರತಿದಿನವೂ ಹೀಗೇ. ಆಕೆ ಕಾವಲುಗಾರನ ಸ್ಟೂಲಿನ ಮೇಲೆ ಕುಳಿತು ಒಂದೊಂದೇ ಪುಟದ ಫೋಟೋ ತೆಗೆದಳು.

“ಇನ್ನೂ ಎಷ್ಟೊತ್ತು ಮೇಡಂ?” ಮ್ಯಾನೇಜರ್ ಬೆವರುತ್ತಿದ್ದ.

“ಗುತ್ತಿಗೆ ನಾಳೆವರೆಗೂ ಇದೆಯಲ್ಲಪ್ಪ.”

ಸಂಜೆ ಪುಟಗಳು ನಿರ್ದೇಶಕರ ಮೇಜು ಸೇರಿದವು. ಮರುದಿನ ಕರಡು ಮರಳಿತು: ಹದಿನಾಲ್ಕನೇ ಷರತ್ತು ತನ್ನ ಜಾಗದಲ್ಲಿತ್ತು, ಜೊತೆಗೆ ‘ಗೇಟಿನ ಪುಸ್ತಕವೂ ಸೇರಿ’ ಎಂಬ ಮಾತೂ. ಖರೀದಿ ಅಧಿಕಾರಿ ಪೆನ್ನು ಚಾಚಿದ. ಷರತ್ತಮ್ಮ ಅವನನ್ನು ನಿಲ್ಲಿಸಿಕೊಂಡೇ ಮೊದಲ ಪುಟದಿಂದ ಓದಲು ಶುರು ಮಾಡಿದಳು.