ಕಂಟೇನರ್ ಕರೆದದ್ದು ಯಾರನ್ನು

ಬನಹಟ್ಟಿಯಲ್ಲಿ ಮಗ್ಗದ ಮನೆಯೊಂದರ ಮೇಲಿನ ಖೋಲಿಯಲ್ಲಿ ಒಬ್ಬನೇ ಕೂತು ನೂಲಿನ ವ್ಯಾಪಾರಿಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಅದನ್ನು ಡಾಕರ್ ಕಂಟೇನರಿಗೆ, ಅಂದರೆ ಲ್ಯಾಪ್‌ಟಾಪಿನೊಳಗೇ ಬೇರೆ ಕಂಪ್ಯೂಟರಿನಂತೆ ನಡೆಯುವ ಮುಚ್ಚಿದ ಡಬ್ಬಿಗೆ, ಹಾಕಿದ ದಿನ, ಅದೇ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಡೇಟಾಬೇಸ್ ಅದಕ್ಕೆ ಸಿಗಲೇ ಇಲ್ಲ. ಮಧ್ಯಾಹ್ನದವರೆಗೆ ಡೇಟಾಬೇಸನ್ನು ಬಾಯಿಗೆ ಬಂದಂತೆ ಬೈದೆ. ತಪ್ಪು ನನ್ನದೇ. ವಿಳಾಸವನ್ನು ‘ಲೋಕಲ್‌ಹೋಸ್ಟ್’, ಅಂದರೆ ‘ನಾನಿರುವ ಯಂತ್ರ’, ಎಂದೇ ಬಿಟ್ಟಿದ್ದೆ. ಕಂಟೇನರಿನ ಒಳಗೆ ಹಾಗೆಂದರೆ ಕಂಟೇನರೇ. ಪಾಪ, ಅದು ತನ್ನನ್ನೇ ತಾನು ಕರೆಯುತ್ತ ಕೂತಿತ್ತು. ಹೊರಗಿನ ಲ್ಯಾಪ್‌ಟಾಪಿನ ಹೆಸರಾದ ‘ಹೋಸ್ಟ್ ಡಾಟ್ ಡಾಕರ್ ಡಾಟ್ ಇಂಟರ್ನಲ್’ ಎಂದು ತಿದ್ದಿದೆ, ತಟ್ಟನೆ ಕೂಡಿತು.

ಯಾರಿಗಾದರೂ ಹೇಳಬೇಕೆನಿಸಿತು. ಕೆಳಗಿಳಿದು ಮನೆಯೊಡತಿಯ ಬಾಗಿಲು ಬಡಿದೆ.

“ಯಾರ್ರೀ?” ಮಗ್ಗದ ಸದ್ದಿನ ನಡುವೆ ಒಳಗಿನಿಂದ ಕೇಳಿದರು.

“ನಾನ್ರೀ.”

“ನಾನಂದ್ರ ಯಾರ್ರೀ?”

ಎರಡು ವರ್ಷದಿಂದ ಅವರ ತಲೆಯ ಮೇಲಿನ ಖೋಲಿಯಲ್ಲೇ ಇದ್ದೆ.