ಐದು ಬಗೆಯ ಊಟ, ಐದು ಗ್ಲಾಸು

ಅಮಸಿದ್ದಪ್ಪನಿಗೆ ವಾಸನೆ ತಿಳಿಯುವುದಿಲ್ಲ ಎಂಬ ಸಂಗತಿ ಅವನ ಹೆಂಡತಿ ರೇಣವ್ವನನ್ನು ಬಿಟ್ಟರೆ ಇಳಕಲ್ಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ನಮ್ಮ ಗ್ರಾನೈಟ್ ಕಂಪನಿಯ ಗೆಸ್ಟ್ ಹೌಸಿನ ಅಡುಗೆಯವನು. ನಾನು ಅದೇ ಕಂಪನಿಯ ಟೈಪಿಸ್ಟು. ದಿನಾ ಅವನ ಕೈಯ ಚಹಾ ಕುಡಿದು ಹೆಸರಿಡುತ್ತಿದ್ದ ನನಗೂ ಗೊತ್ತಾಗಲಿಲ್ಲ ಎಂದರೆ ನನ್ನ ಬುದ್ಧಿವಂತಿಕೆಯನ್ನು ನೀವೇ ಅಳೆದುಕೊಳ್ಳಿ.

ಅವನು ಐಹೊಳೆಯ ಕಡೆಯ ಕುರುಬರ ಹುಡುಗ. ಕುರಿ ಹಿಂಡು ಅಣ್ಣಂದಿರಿಗೇ ಸಾಲದೆ ಹೋದಾಗ ಮುಂಬಯಿ ಸೇರಿ, ದೊಡ್ಡವರ ಕ್ಲಬ್ಬೊಂದರಲ್ಲಿ ತಾಟು ತೊಳೆಯುತ್ತ ತೊಳೆಯುತ್ತ ಅಡುಗೆ ಕಲಿತ. ಯಾವ ತಾಟಿನ ಪಕ್ಕ ಯಾವ ಗ್ಲಾಸು ನಿಲ್ಲಬೇಕು ಎಂಬುದನ್ನೂ ಅಲ್ಲೇ ಕಲಿತ. ಎಪ್ಪತ್ತರ ದಶಕದ ಕೊನೆಗೆ ನಮ್ಮ ಸಾಹುಕಾರರು ಅವನನ್ನು ಹುಡುಕಿ ಕರೆತಂದು ಅಡುಗೆಮನೆಯನ್ನೂ ಅದರ ಹಿಂದಿನ ಖೋಲಿಯನ್ನೂ ಕೊಟ್ಟರು. ಆಮೇಲೊಮ್ಮೆ ಸಂತೆಯಿಂದ ಬರುವಾಗ ಹುನಗುಂದದ ಹತ್ತಿರ ಕಂಪನಿಯ ಜೀಪು ಮಗುಚಿತು. ತಲೆಯ ಹಿಂಭಾಗ ರಸ್ತೆಗೆ ಬಡಿಯಿತು. ಗಾಯ ಮಾಯಿತು, ಅವನು ಮತ್ತೆ ಒಲೆಯ ಮುಂದೆ ನಿಂತ. ಮಾತು ಮಾತ್ರ ಕಡಿಮೆಯಾಗಿತ್ತು. ಯಾರು ಏನೇ ಹೇಳಿದರೂ ‘ಹೂಂ’ ಎನ್ನುತ್ತಿದ್ದ. ತಲೆಗೆ ಪೆಟ್ಟಾದವನು ಇನ್ನೇನು ಮಾಡಿಯಾನು ಎಂದು ನಾವೂ ಸುಮ್ಮನಾದೆವು.

ಎಂಬತ್ತನಾಲ್ಕರಲ್ಲಿ ಇಟಲಿಯವರು ನಮ್ಮ ಕೆಂಪು ಕಲ್ಲು ನೋಡಲು ಬರುವುದು ನಿಶ್ಚಯವಾಯಿತು. ಸಾಹುಕಾರರಾದ ಹೊಳಬಸಪ್ಪನವರು ಲಿಂಗವಂತರು, ಮಾಂಸ ಮದ್ಯದ ನೆರಳಿಗೂ ನಿಲ್ಲುವವರಲ್ಲ. ಆದರೆ ಕಲ್ಲು ಕೊಳ್ಳುವವರಿಗೆ ಎರಡೂ ಬೇಕಿತ್ತು. ಐದು ಸರದಿಯ ಊಟ, ಒಂದೊಂದು ಸರದಿಗೂ ಅದಕ್ಕೆ ಹೊಂದುವ ಒಂದೊಂದು ಪಾನೀಯ, ಅಷ್ಟನ್ನೂ ಅಚ್ಚು ಹಾಕಿಸಿದ ಕಾರ್ಡು ಮೇಜಿನ ಮೇಲಿರಬೇಕು ಎಂದು ಮುಂಬಯಿಯ ಏಜೆಂಟ್ ಜಹಾಂಗೀರ ಫೋನು ಮಾಡಿದ. ಜಹಾಂಗೀರ ನಮ್ಮೂರವನೇ. ಮುಂಬಯಿಗೆ ಹೋಗಿ ನಾಲಿಗೆಯನ್ನು ನುಣ್ಣಗೆ ಮಾಡಿಕೊಂಡವನು. ಬಾಟಲಿಗಳ ಪೆಟ್ಟಿಗೆ ಹುಲ್ಲು ತುಂಬಿಕೊಂಡು ಲಾರಿಯಲ್ಲಿ ಬಂತು.

ಕಾರ್ಡು ಬರೆದುಕೊಳ್ಳಲು ನಾನು ಮಧ್ಯಾಹ್ನ ಅಡುಗೆಮನೆಗೆ ಹೋದೆ. ಅಮಸಿದ್ದಪ್ಪ ಒಂದೊಂದು ಬಗೆಯ ಬಾಟಲಿ ತೆರೆದು, ಗುಟುಕು ಬಾಯಿಗೆ ಹಾಕಿ, ತಿರುವಿ, ಉಗುಳುತ್ತಿದ್ದ. ಮೊದಲು ಕೋಳಿಯ ತಿಳಿ ಸೂಪು, ಅದಕ್ಕೆ ಸಿಹಿಯಿಲ್ಲದ ಶೆರಿ ವೈನು. ಎರಡನೆಯದು ಕೃಷ್ಣೆಯ ಮೀನು, ಅದಕ್ಕೆ ಬರ್ಫದಲ್ಲಿಟ್ಟ ಹುಳಿ ಬಿಳಿ ವೈನು.

“ಮೀನಿಗೆ ಲಿಂಬಿ ಹಿಂಡೂದಿಲ್ಲೇನ? ಹಂಗ ಇದು,” ಎಂದ.

ಮೂರನೆಯದು ಬದನೆಯ ಎಣ್ಣೆಗಾಯಿ. ಅದಕ್ಕೆ ಕೆಂಪು ವೈನು ಬರೆಯಲೇ ಎಂದು ಕೇಳಿದೆ, ಎಲ್ಲ ಗೊತ್ತಿದ್ದವನ ಹಾಗೆ.

“ಬ್ಯಾಡ. ಖಾರದ ಮ್ಯಾಲ ಒಗರು ಬಿದ್ರ ಬಾಯಿ ಇನ್ನೂ ಉರೀತೈತಿ. ಜರ್ಮನಿದು ಸ್ವಲ್ಪ ಸಿಹಿ ಐತಿ ನೋಡು, ಅದನ್ನ ಬರಿ. ಕೆಂಪು ನಾಕನೇದಕ್ಕ, ಮಟನ್‌ಗೆ ಇರ್ಲಿ. ಕೊಬ್ಬು ನಾಲಿಗಿಗೆ ಹತ್ತಿದ್ದನ್ನ ಒಗರು ಬಿಡಸ್ತೈತಿ.”

ಕೊನೆಗೆ ಅಮೀನಗಡದ ಕರದಂಟು. ಅದರ ಜೊತೆಗೆ ಪೋರ್ಟ್ ಎಂಬ ಸಿಹಿ ವೈನು. ಸಿಹಿ ತಿಂಡಿಗಿಂತ ಗ್ಲಾಸಿನ ಸಿಹಿ ಒಂದು ತೂಕ ಹೆಚ್ಚೇ ಇರಬೇಕಂತೆ, ಇಲ್ಲದಿದ್ದರೆ ಕುಡಿದದ್ದು ಹುಳಿ ಅನ್ನಿಸುತ್ತದಂತೆ.

ಕೆಂಪಿನ ಬಾಟಲಿ ತೆರೆದು, ರುಚಿ ನೋಡಿ, ‘ಒಗರು ಐತಿ, ಸರಿ’ ಎಂದವನು ಗ್ಲಾಸನ್ನು ರೇಣವ್ವನ ಕಡೆ ಚಾಚಿದ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೂಗನ್ನಷ್ಟೇ ಮುಂದೆ ತಂದಳು.

“ತೊಯ್ದ ಗೋಣಿಚೀಲ ಮೂಲ್ಯಾಗ ಒಗದಂಗ ಐತಿ,” ಎಂದಳು.

ಅವನು ಆ ಬಾಟಲಿಯನ್ನು ಬಚ್ಚಲಿಗೆ ಸುರಿದ. ಬಿರಡೆ ಕೆಟ್ಟು ವೈನಿಗೆ ಮುಗ್ಗಲು ಹಿಡಿದಿತ್ತು. ಇನ್ನೊಂದನ್ನು ತೆರೆದ. ನೇರಳೆ ಹಣ್ಣು ಎಂದಳು. ಅದನ್ನು ಉಳಿಸಿಕೊಂಡ. ನಾನು ಪೆನ್ನು ಹಿಡಿದು ಇಬ್ಬರನ್ನೂ ನೋಡುತ್ತಿದ್ದೆ.

“ಹುಳಿ, ಸಿಹಿ, ಉಪ್ಪು, ಒಗರು ನಾಲಿಗಿಗೆ ತಿಳೀತೈತಿ. ವಾಸನಿ ಮಾತ್ರ ಬರೂದಿಲ್ಲ ಯಂಕಪ್ಪ, ಜೀಪ್ ಬಿದ್ದಾಗಿಂದ,” ಎಂದ ಅಮಸಿದ್ದಪ್ಪ ನನಗೆ, ಯಾರದೋ ಸುದ್ದಿ ಹೇಳುವವನ ಹಾಗೆ. “ಸಾಹುಕಾರ್ರಿಗೆ ತಿಳಿದ್ರ ಅಡಗಿಮನಿ ಹೋಗ್ತೈತಿ, ಹಿಂದಿನ ಖೋಲಿನೂ ಹೋಗ್ತೈತಿ. ಎಲ್ಲೆ ಹೋಗೂದು?”

ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಅವನ ಮುಖದಲ್ಲಿ ಮಾತ್ರ ಏನೂ ಇರಲಿಲ್ಲ.

ಕಾರ್ಡು ಅಚ್ಚಾಗಿ ಬಂದಾಗ ಬೇರೆಯೇ ರಾದ್ಧಾಂತ. ಪ್ರೆಸ್ಸಿನ ಮುದಕಪ್ಪ ಹುಟ್ಟಿದಾಗಿನಿಂದ ಮದುವೆ ಕಾರ್ಡು ಬಿಟ್ಟು ಬೇರೇನೂ ಅಚ್ಚು ಹಾಕಿದವನಲ್ಲ. ರೂಢಿಯಂತೆ ತಲೆಯ ಮೇಲೆ ‘ಶ್ರೀ ಬಸವೇಶ್ವರ ಪ್ರಸನ್ನ’ ಎಂದು ಹಾಕಿ, ಅದರ ಕೆಳಗೆ ಶೆರಿಯಿಂದ ಪೋರ್ಟಿನವರೆಗೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿದ್ದ. ಸಾಹುಕಾರರು ಕಾರ್ಡನ್ನು ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ಓದಿದರು.

“ಬಸವಣ್ಣನ ಹೆಸರಿನ ಬುಡಕ ಸೆರೆ ಬರದೀಯಲ್ಲೋ ಮುದಕಪ್ಪ. ದೇವರ ಹೆಸರು ತಗಿ. ಅವರು ದೇವರಿಲ್ಲದನ ಉಣ್ಣಲಿ,” ಎಂದರು.

ಊಟದ ದಿನ ಸಂಜೆ, ತೆರೆದ ಬಾಟಲಿಯೆಲ್ಲ ರೇಣವ್ವನ ಮೂಗಿನ ಕೆಳಗೆ ಹಾದು ಮೇಜಿಗೆ ಹೋಯಿತು. ಇಟಲಿಯವರು ಕಾರ್ಡು ಓದುತ್ತ, ಉಣ್ಣುತ್ತ, ತಲೆಯಾಡಿಸುತ್ತ ಹೋದರು. ಎಣ್ಣೆಗಾಯಿಗೆ ಬೆವರಿ ಆ ಜರ್ಮನಿಯದನ್ನು ಮತ್ತೆ ಕೇಳಿ ಹಾಕಿಸಿಕೊಂಡರು. ಸಾಹುಕಾರರು ಮೇಜಿನ ತುದಿಯಲ್ಲಿ ಮಜ್ಜಿಗೆಯ ಲೋಟ ಹಿಡಿದು ಕುಳಿತಿದ್ದರು. ಕರದಂಟು ಮುಗಿದ ಮೇಲೆ ಇಟಲಿಯವರಲ್ಲಿ ಹಿರಿಯನಾದವನು ಅಡುಗೆಯವನನ್ನು ಕರೆಸಿದ. ಈ ಐದರಲ್ಲಿ ನಿನಗೆ ಯಾವುದು ಹೆಚ್ಚು ಇಷ್ಟ ಎಂದು ಜಹಾಂಗೀರನ ಮೂಲಕ ಕೇಳಿದ.

ಅಮಸಿದ್ದಪ್ಪ ಮೇಜಿನ ಮೇಲಿನ ಗ್ಲಾಸುಗಳನ್ನು ನೋಡಿದ.

“ನನಗ ಎಲ್ಲಾ ಒಂದ ರಿ,” ಎಂದ.

ಜಹಾಂಗೀರ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ, ಎಲ್ಲವೂ ಒಂದಕ್ಕಿಂತ ಒಂದು ಮಿಗಿಲು ಎಂದಾಯಿತು. ಇಟಲಿಯವರು ಚಪ್ಪಾಳೆ ತಟ್ಟಿದರು. ಆದರೆ ಮೇಜಿನ ತುದಿಯಲ್ಲಿ ಕುಳಿತವರಿಗೆ ಕನ್ನಡ ಬರುತ್ತಿತ್ತು. ಬಾಟಲಿಗಳನ್ನು ಮೂಸಿದ್ದು ಅವನಲ್ಲ, ರೇಣವ್ವ ಎಂಬುದನ್ನೂ ಅವರು ಸಂಜೆಯೇ ಕಂಡಿದ್ದರು. ಸಾಹುಕಾರರು ಲೋಟ ಕೆಳಗಿಟ್ಟು ಅವನ ಮುಖವನ್ನೇ ನೋಡಿದರು.

ಮರುದಿನ ಅತಿಥಿಗಳು ಹೋದ ಮೇಲೆ ಅವನನ್ನು ಆಫೀಸಿಗೆ ಕರೆಸಿದರು. ನಾನು ಮಷೀನಿನ ಮುಂದೆ ತಲೆ ತಗ್ಗಿಸಿ ಕುಳಿತೆ.

“ಯಾವಾಗಿಂದ ಹಿಂಗ?” ಎಂದು ಕೇಳಿದರು.

ಅವನು ಎಲ್ಲ ಹೇಳಿದ. ಜೀಪು, ವಾಸನೆ, ರೇಣವ್ವ. ಒಂದನ್ನೂ ಮುಚ್ಚಿಡಲಿಲ್ಲ, ಒಂದಕ್ಕೂ ಗೋಗರೆಯಲಿಲ್ಲ. ನನಗೆ ಸಿಟ್ಟು ಬಂತು. ಸ್ವಲ್ಪ ಕಾಲಾದರೂ ಹಿಡಿ ಮಾರಾಯ ಎಂದುಕೊಂಡೆ.

“ಗ್ಯಾಸ್ ಸೋರಿದ್ರ ನಿನಗ ತಿಳಿಯೂದಿಲ್ಲ,” ಎಂದರು ಸಾಹುಕಾರರು. “ಊಟ ಚಲೋ ಆತು, ಕಲ್ಲಿನ ಮಾತೂ ಚಲೋ ಆತು, ಇಲ್ಲ ಅನ್ನೂದಿಲ್ಲ. ಆದ್ರ ಅಡಗಿಮನಿ ನಿನ್ನ ಕೈಯಾಗ ಬಿಡಾಕ ಆಗೂದಿಲ್ಲ ಅಮಸಿದ್ದಪ್ಪ. ಇವತ್ತಿಂದ ಅದು ರೇಣವ್ವಂದು. ಆಕಿ ಹೇಳ್ದಂಗ ನೀ ಮಾಡು. ಖೋಲಿ ಇರ್ಲಿ.”

“ಹೂಂ ರಿ,” ಎಂದು ಅವನು ಹೊರಟ.

ಖೋಲಿ ಉಳಿಯಿತು ಎಂದು ನಾನು ಹಿಗ್ಗಿದೆ. ಏನಾದರೂ ಸಮಾಧಾನ ಹೇಳೋಣವೆಂದು ಹಿಂದೆಯೇ ಹೋದೆ. ರೇಣವ್ವ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅಮಸಿದ್ದಪ್ಪ ಹೊಸ್ತಿಲಾಚೆಯೇ ನಿಂತು ಸಾಹುಕಾರರ ಮಾತು ತಿಳಿಸಿದ. ಮದುವೆಯಾದಾಗಿನಿಂದ ಅವನು ಆಕೆಯನ್ನು ‘ನೀ’, ‘ಬಾ’, ‘ಹೋಗು’ ಎಂದೇ ಕರೆದವನು. ನಮ್ಮ ಕಡೆಯ ಗಂಡಸರೆಲ್ಲ ಹಾಗೆಯೇ.

“ಏನ ಮಾಡ್ಲಿ ರಿ ನಾ?” ಎಂದು ಕೇಳಿದ.

ಆ ‘ರಿ’ಯಲ್ಲಿ ಕೊಂಕಿರಲಿಲ್ಲ. ಕ್ಲಬ್ಬಿನ ಅಡುಗೆಮನೆಗೆ ಮೊದಲ ದಿನ ಬಂದು ನಿಂತವನು ದೊಡ್ಡ ಅಡುಗೆಯವನನ್ನು ಕೇಳಿದ ಹಾಗಿತ್ತು. ರೇಣವ್ವನ ಕೈ ಸೌಟಿನ ಮೇಲೆ ನಿಂತಿತು. ಹೊತ್ತಿದ ಸಾಸಿವೆಯ ಹೊಗೆ ನನ್ನ ಮೂಗಿಗೆ ಬಡಿಯಿತು, ಆಕೆಗೂ ಬಡಿದಿರಬೇಕು, ಕಣ್ಣಲ್ಲಿ ನೀರಿತ್ತು. ಒಲೆ ಸಣ್ಣ ಮಾಡಿ, ಸೌಟಿನ ಸಾರನ್ನು ಆರಿಸಿ, ಹೊಸ್ತಿಲಿಗೆ ಬಂದು ಅವನ ಅಂಗೈಗೆ ಹನಿಸಿದಳು.

“ಉಪ್ಪು ನೋಡ್ರಿ,” ಎಂದಳು.

ಅವನು ನೆಕ್ಕಿ ನೋಡಿ, ಇನ್ನೊಂದು ಚೂರು ಬೇಕು ಎಂದ.