ತಾಯಿಯ ಸೀರೆಯ ಕೌದಿ

ಹಳೆಯ ಸೀರೆಗಳನ್ನು ಕತ್ತರಿಸಿ ಹೊದೆಯಲು ಕೌದಿ ಹೊಲಿದುಕೊಡುವುದು ಹೊಸದುರ್ಗದ ನಮ್ಮ ಮನೆಯಲ್ಲೇ ನಾನು ನಡೆಸುವ ಕಸುಬು. ಹೊಳಲ್ಕೆರೆಯ ಶಿಕ್ಷಕಿಯೊಬ್ಬರು ತೀರಿಕೊಂಡ ತಾಯಿಯ ಸೀರೆಗಳನ್ನು ತಂದುಕೊಟ್ಟಿದ್ದರು. ಕೌದಿ ಮುಗಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ವಾರ ಕಳೆದ ಮೇಲೆ ವಾಟ್ಸಾಪ್‌ನಲ್ಲಿ ಅವರ ಸಂದೇಶ ಬಂತು: "ಪಾರ್ಸೆಲ್ ಬಂದೇ ಇಲ್ಲ."

ಟ್ರ್ಯಾಕಿಂಗ್ ನೋಡಿದರೆ ತಲುಪಿದೆ ಎಂದಿತ್ತು. ಬೇರೆ ಸಾಮಾನಾದರೆ ಇನ್ನೊಂದು ಕಳಿಸಬಹುದು. ಸತ್ತವರ ಸೀರೆಯನ್ನು ಎಲ್ಲಿಂದ ತರಲಿ?

ಬರೆದು, ಅಳಿಸಿ, ಮತ್ತೆ ಬರೆದು ಉತ್ತರ ಕಳಿಸಿದೆ: "ಮೇಡಂ, ಡೆಲಿವರಿ ಆಗೈತೆ ಅಂತ ತೋರಿಸ್ತೈತೆ. ನಿಮ್ಮ ಮಾತು ಸುಳ್ಳು ಅಂತಲ್ಲ. ಮನೇಲಿ ಯಾರಾದ್ರೂ ತಗೊಂಡಿದಾರಾ, ಒಂದ್ಸಲ ಕೇಳ್ರಿ. ಸಿಗೋವರೆಗೂ ನಾನು ಬಿಡಲ್ಲ."

"ಮನೇಲಿ ಅಪ್ಪಾಜಿ ಒಬ್ರೇ ಇರೋದು. ಕೇಳ್ದೆ. ಏನೂ ಬಂದಿಲ್ಲ ಅಂದ್ರು."

ಮರುದಿನ ಬಸ್ಸು ಹತ್ತಿ ಹೊಳಲ್ಕೆರೆಯ ಅಂಚೆ ಕಚೇರಿಗೇ ಹೋದೆ. ಶಿಕ್ಷಕಿಯ ಬೀದಿಯ ಪೋಸ್ಟ್‌ಮ್ಯಾನ್ ಸಿಕ್ಕರು.

"ಆ ಮನೆ ಯಜಮಾನ್ರ ಕೈಗೇ ಕೊಟ್ಟಿದೀನಿ. ಸೈನೂ ಮಾಡಿದಾರೆ. ಬರ್ರಿ, ಆ ಕಡೆಗೇ ಹೊರಟಿದೀನಿ."

ಮನೆಯ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಶಿಕ್ಷಕಿಯ ತಂದೆ ಚಾಪೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ನನ್ನ ಕೌದಿ, ಕೈಯಲ್ಲಿ ಬ್ಲೇಡು. ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದರು. ಅರ್ಧ ಕೌದಿ ಆಗಲೇ ತುಂಡುಗಳ ಗುಡ್ಡೆಯಾಗಿತ್ತು.

ನಾನು ಯಾರೆಂದು ಪೋಸ್ಟ್‌ಮ್ಯಾನ್ ಹೇಳಿದರು. ಯಜಮಾನರು ಒಂದು ಕೆಂಪು ತುಂಡನ್ನು ನನ್ನ ಕಡೆ ಚಾಚಿದರು.

"ಇದು ಅವಳ ಧಾರೆ ಸೀರೆ ಕಣವ್ವ. ಕತ್ತರಿ ಹಾಕೋ ಮುಂಚೆ ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ. ಮತ್ತೆ ಸೀರೆಯಾಗಿ ಕೂಡಿಸ್ತೀನಿ. ಮಗಳಿಗೆ ಹೇಳಬ್ಯಾಡ."

"ಹೇಳದೆ ಹೆಂಗಿರಲಿ, ಅಪ್ಪಾರೆ? ಬಂದಿಲ್ಲ ಅಂತ ಅವ್ರು ನನ್ನ ಕೇಳ್ತಿದಾರೆ."

ಫೋನ್ ಮಾಡಿದೆ. ಊಟದ ಬಿಡುವಿನಲ್ಲಿ ಮಗಳು ಬಂದವರು ಹೊಸಿಲಲ್ಲೇ ನಿಂತುಬಿಟ್ಟರು.

"ಅಪ್ಪಾಜಿ, ಟ್ರಂಕಲ್ಲಿ ಸುಮ್ನೆ ಬಿದ್ದಿದ್ವಲ್ಲ ಅವು."

"ಬಿದ್ದಿರ್ಲಿಲ್ಲವ್ವ. ನಾನು ಇಟ್ಟಿದ್ದೆ."

ಮಗಳು ಬಂದು ತಂದೆಯ ಎದುರು ಚಾಪೆಯ ಮೇಲೆ ಕೂತರು. ಇಬ್ಬರೂ ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಳಲಿಲ್ಲ. ಮಗಳು ತುಂಡುಗಳನ್ನು ಬಣ್ಣಕ್ಕೆ ಬಣ್ಣ ಜೋಡಿಸತೊಡಗಿದರು.

ಕತ್ತರಿಸಿದ್ದು ಮತ್ತೆ ಸೀರೆಯಾಗುವುದಿಲ್ಲ ಎಂದು ಹೇಳಬೇಕಾದವಳು ನಾನೇ. ಹೇಳಿದೆ. ಆ ಕೆಂಪು ತುಂಡುಗಳನ್ನಷ್ಟೇ ಮನೆಗೆ ತಂದು, ಅಂಚಿಗೆ ಅಂಚು ಸೇರಿಸಿ, ಹೆಗಲಿಗೆ ಹೊದ್ದುಕೊಳ್ಳುವಷ್ಟು ಉದ್ದ ಮಾಡಿದೆ. ಅಂಚೆಗೆ ಹಾಕಲು ಮನಸ್ಸಾಗಲಿಲ್ಲ, ನಾನೇ ಒಯ್ದೆ. ಯಜಮಾನರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮಡಚಿ, ಒಳಗೆ ಹೋದರು. ಚೆನ್ನಾಗಿದೆ ಎನ್ನಲಿಲ್ಲ. ಮಗಳು ನನಗೆ ಕಾಫಿ ತಂದುಕೊಟ್ಟರು. ಕುಡಿಯುತ್ತಿರುವಾಗ ಒಳಗೆ ಟ್ರಂಕು ಮುಚ್ಚಿದ ಸದ್ದು ಕೇಳಿಸಿತು.